ನೂರರ ಲೆಕ್ಕದಲ್ಲಿ ಕೊಂಡ ಎಳನೀರಿನಲ್ಲಿ ದಿನಕ್ಕೆ ಕೈಯಲ್ಲಿ ನಿಲ್ಲುವುದೆಷ್ಟು?

“ಹಾಸನದಲ್ಲಿ ಬಿ.ಎಂ. ರಸ್ತೆ ಬದಿಯಲ್ಲಿ ಎಳನೀರು ಮಾರುತ್ತೇನೆ. ಶಾಂತಿಗ್ರಾಮದ ಕಡೆಯ ತೋಟದಿಂದ ದಿನಾ ನೂರು ಕಾಯಿ ತರುತ್ತೇನೆ. ನೂರಕ್ಕೆ 3,400 ರೂಪಾಯಿ, ಆಟೋಗೆ 450. ಒಂದಕ್ಕೆ 50ರಂತೆ ಮಾರಿದರೂ ಅಂದುಕೊಂಡಷ್ಟು ಉಳಿಯುತ್ತಿಲ್ಲ. ದಿನಕ್ಕೆ ನಾಲ್ಕು ಹಾಳಾಗುತ್ತವೆ, ಏಳೆಂಟು ಸಣ್ಣ ಕಾಯಿಗೆ 40ಕ್ಕಿಂತ ಹೆಚ್ಚು ಕೊಡುವುದಿಲ್ಲ. ಮೂರು ದಿನಕ್ಕೊಮ್ಮೆ ಮುನ್ನೂರು ತಂದರೆ ಬಾಡಿಗೆ ಉಳಿದು ಲಾಭ ಜಾಸ್ತಿಯಾಗುತ್ತದೆಯೇ?”

ತಮ್ಮಾ, ಬೇಸಿಗೆಯಲ್ಲಿ ಮುನ್ನೂರು ಒಟ್ಟಿಗೆ ತಂದರೆ ಉಳಿಸಿದ ಬಾಡಿಗೆಗಿಂತ ಹೆಚ್ಚಿನದು ಕೊಳೆತು ಹೋಗುತ್ತದೆ. ಎರಡು ದಿನಕ್ಕೊಮ್ಮೆ ಇನ್ನೂರು, ಅದೂ ಗೊನೆಯಿಂದ ಬಿಡಿಸದೆ ತಂದರೆ, ಸ್ವಲ್ಪ ಲಾಭವಿದೆ. ಹಾಸನದಲ್ಲಿಯೇ ಒಂಬತ್ತು ವರ್ಷ ಎಳನೀರು ಮಾರಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ. ಹೇಗೆಂಬುದನ್ನು ನಿಮ್ಮದೇ ಲೆಕ್ಕದಿಂದ ತೋರಿಸುತ್ತೇನೆ.

ನಿಮ್ಮ ಮನಸ್ಸಿನಲ್ಲಿರುವ ಲೆಕ್ಕವು ಐವತ್ತರಲ್ಲಿ ಮೂವತ್ತನಾಲ್ಕು ಕಳೆದರೆ ಹದಿನಾರು, ನೂರಕ್ಕೆ 1,600 ಎಂಬುದು. ಆದರೆ ನೂರು ಕೊಂಡವರು ನೂರನ್ನೂ ಮಾರುವುದಿಲ್ಲ. ನಾಲ್ಕು ಹೋದರೆ ಉಳಿದದ್ದು 96. ಅದರಲ್ಲಿ 88 ಕಾಯಿ ಐವತ್ತರಂತೆ 4,400, ಎಂಟು ಸಣ್ಣವು ನಲವತ್ತರಂತೆ 320, ಒಟ್ಟು 4,720 ರೂಪಾಯಿ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಹೋಗುವುದರಲ್ಲಿ ಕಾಯಿಗೆ 3,400, ಆಟೋಗೆ 450, ಸ್ಟ್ರಾ ಮತ್ತು ಬುರುಡೆ ಸಾಗಿಸುವವರಿಗೆ ಒಂದು 60 ಎಂದಿಟ್ಟರೆ 3,910. ಕೈಯಲ್ಲಿ ನಿಲ್ಲುವುದು 810 ರೂಪಾಯಿ. ಬೆಳಗಿನ ಐದು ಗಂಟೆಗೆ ತೋಟಕ್ಕೆ ಹೋಗಿ ಸಂಜೆಯವರೆಗೆ ಬಿಸಿಲಿನಲ್ಲಿ ಮಚ್ಚು ಹಿಡಿದು ನಿಂತ ನಿಮ್ಮ ಕೂಲಿಯೂ ಈ 810ರ ಒಳಗೇ ಇದೆ. ಖರ್ಚನ್ನು ಕೊಂಡ ನೂರರಿಂದ ಭಾಗಿಸದೆ ಮಾರಿದ 96ರಿಂದ ಭಾಗಿಸಿದರೆ ಒಂದು ಕಾಯಿ ನಿಮಗೆ ಬಿದ್ದಿರುವುದು 40 ರೂಪಾಯಿ 73 ಪೈಸೆಗೆ. ಅಂದರೆ ಸಣ್ಣ ಕಾಯಿಯನ್ನು ನಲವತ್ತಕ್ಕೆ ಕೊಟ್ಟಾಗ ಅಸಲೂ ಪೂರ್ತಿ ಹುಟ್ಟುತ್ತಿಲ್ಲ. ಹಾಗೆಂದು ಸಂಜೆ ಅದನ್ನು ಮಾರದೆ ಉಳಿಸಿಕೊಳ್ಳಬೇಡಿ. ಒಮ್ಮೆ ಕೊಂಡು ತಂದ ಮೇಲೆ ನಲವತ್ತು ಬಂದರೂ ಬಂದದ್ದೇ. ಸಣ್ಣ ಕಾಯಿಯ ಚೌಕಾಸಿ ಆಗಬೇಕಾದದ್ದು ತೋಟದಲ್ಲಿ ಎಣಿಸಿಕೊಳ್ಳುವಾಗ. ನುಸಿ ಬಿದ್ದು ಮೈಯೆಲ್ಲ ಕಂದು ಹಕ್ಕಳೆಗಟ್ಟಿದ ಕಾಯಿಗಳು ಎಷ್ಟಿವೆ ಎಂದು ನೋಡಿ, ಅವನ್ನು ಬೇರೆ ದರಕ್ಕೆ ಕೇಳಿರಿ.

ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರಿಸಿದವರಲ್ಲಿ ಬೇಲೂರಿನ ಸಹೋದರಿಯವರು, ಹಾಳಾದ ಒಂದು ಕಾಯಿಗೆ 34 ರೂಪಾಯಿ ನಷ್ಟ, ನಾಲ್ಕಕ್ಕೆ 136, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಬರೆದಿದ್ದಾರೆ. ಇದು ಅರ್ಧ ಸರಿ. ಸಂಜೆ ಹೇಗೂ ಹತ್ತು ಕಾಯಿ ಉಳಿದುಬಿಡುವ ದಿನ, ಹಾಳಾದದ್ದರ ಬೆಲೆ ನೀವು ಕೊಟ್ಟ ಅಸಲಿನಷ್ಟೇ. ಆದರೆ ಮಧ್ಯಾಹ್ನ ಮೂರಕ್ಕೇ ಗಾಡಿ ಖಾಲಿಯಾಗಿ ಗಿರಾಕಿ ಹಿಂದಿರುಗುವ ದಿನ, ಆ ಕಾಯಿ ಚೆನ್ನಾಗಿದ್ದಿದ್ದರೆ ಐವತ್ತು ರೂಪಾಯಿ ತರುತ್ತಿತ್ತು. ಆ ದಿನದ ನಷ್ಟ ಐವತ್ತೇ. ಬೇಸಿಗೆಯಲ್ಲಿ ನೂರೂ ಖಾಲಿಯಾಗುವುದರಿಂದ ನಾನು ಮುಂದೆ ಐವತ್ತನ್ನೇ ಹಿಡಿದಿದ್ದೇನೆ.

ಈಗ ಬಾಡಿಗೆಯ ವಿಷಯ. ಎಳನೀರು ಒಂದೊಂದೂ ಹೆಚ್ಚುಕಡಿಮೆ ಎರಡು ಕಿಲೋ ತೂಗುತ್ತದೆ. ಆದ್ದರಿಂದ ಇನ್ನೂರು ಕಾಯಿಯನ್ನು ಮೂರು ಚಕ್ರದ ಗೂಡ್ಸ್ ಆಟೋ ಹೊರುತ್ತದೆ, ಮುನ್ನೂರಕ್ಕೆ ನಾಲ್ಕು ಚಕ್ರದ ಗಾಡಿಯೇ ಬೇಕು. ಇನ್ನೂರಕ್ಕೆ ಅದೇ ಆಟೋದವರು ಹೇರಿ ಇಳಿಸುವ ಹೊತ್ತು ಸೇರಿಸಿ 550 ಕೇಳಿದರು ಎಂದೂ, ಮುನ್ನೂರಕ್ಕೆ ದೊಡ್ಡ ಗಾಡಿಗೆ 700 ಆಯಿತೆಂದೂ ಇಟ್ಟುಕೊಳ್ಳೋಣ. ನಿಮ್ಮ ಊರಿನ ದರ ಬೇರೆಯಿದ್ದರೆ ಅದನ್ನೇ ಹಾಕಿ. ದಿನಾ ತಂದರೆ ಮೂರು ದಿನಕ್ಕೆ 1,350, ಒಮ್ಮೆಗೆ ತಂದರೆ 700, ಉಳಿತಾಯ 650. ಇದನ್ನು ಐವತ್ತರಿಂದ ಭಾಗಿಸಿ, ಹದಿಮೂರು ಕಾಯಿ. ಈಗ ಹಾಳಾಗುತ್ತಿರುವುದರ ಮೇಲೆ ಇನ್ನು ಹದಿಮೂರು ಹೆಚ್ಚಾಗಿ ಹಾಳಾದರೆ ಉಳಿಸಿದ ಬಾಡಿಗೆ ಅಲ್ಲಿಗೆ ಚುಕ್ತಾ. ನನ್ನ ಪುಸ್ತಕದ ಪ್ರಕಾರ ಏಪ್ರಿಲ್‌ನಲ್ಲಿ ಎರಡನೆಯ ದಿನದ ನೂರರಲ್ಲಿ ಮೂರು, ಮೂರನೆಯ ದಿನದ ನೂರರಲ್ಲಿ ಹದಿನೈದರವರೆಗೆ ಹೆಚ್ಚಾಗಿ ಹೋಗಿವೆ. ಒಟ್ಟು ಹದಿನೆಂಟು, 900 ರೂಪಾಯಿ. 650 ಉಳಿಸಲು ಹೋಗಿ 900 ಕಳೆದಂತಾಯಿತು.

ಇನ್ನೂರರ ಲೆಕ್ಕ ಹಾಗಲ್ಲ. ಎರಡು ದಿನದ ಬಾಡಿಗೆ 900ರ ಬದಲು 550, ಉಳಿತಾಯ 350. ಎರಡನೆಯ ದಿನ ಹೆಚ್ಚಾಗಿ ಹೋಗುವ ಮೂರು ಕಾಯಿಗೆ 150 ಕಳೆದರೆ 200 ನಿಲ್ಲುತ್ತದೆ, ಅಂದರೆ ನಿಮ್ಮ 810 ದಿನಕ್ಕೆ 910 ಆಗುತ್ತದೆ. ಆದರೆ ಆ ‘ಮೂರು’ ಎಂಬುದು ಮೂರಾಗಿಯೇ ಉಳಿಯಬೇಕು. ಏಳಾದರೆ ಇಲ್ಲಿಯೂ ಲಾಭವೆಲ್ಲ ಹೋಯಿತು. ಆದ್ದರಿಂದ ಕಾಯಿ ಏಕೆ ಕೆಡುತ್ತದೆ ಎಂಬುದರ ಕಡೆಗೆ ಬರುತ್ತೇನೆ, ಏಕೆಂದರೆ ದುಡ್ಡು ಇರುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ, ದರ್ಶನದ ಸಾಲು ನೋಡಿ ಆಸೆಯಾಗಿ, ಗೊತ್ತಿಲ್ಲದ ಒಂದು ತೋಟದಿಂದ ನಾನೂ ಮುನ್ನೂರು ತಂದಿದ್ದೆ. ಆಗ ಬಿಸಿಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ರಾಶಿ ಸರಿಸಿದಾಗ ಕೆಳಗೆ ಹಾಸಿದ್ದ ಗೋಣಿತಾಟು ಅಂಗೈಯಗಲ ಅಂಗೈಯಗಲ ನೆನೆದಿತ್ತು, ಮತ್ತು ಮೂರು ಕಾಯಿಗಳ ತೊಟ್ಟಿನ ಸುತ್ತ ಇರುವೆ ಸಾಲುಗಟ್ಟಿತ್ತು. ಎತ್ತಿ ನೋಡಿದರೆ ಹೊರಗೆ ಒಂದು ಗೀರೂ ಇಲ್ಲ. ಕೆತ್ತಿದಾಗ ಒಳಗಿನ ಎಳೆಯ ಚಿಪ್ಪು ಕೂದಲೆಳೆಯಷ್ಟು ಬಿರಿದು ನೀರು ಸಿಪ್ಪೆಗೆ ಇಳಿದಿತ್ತು. ಮರ ಹತ್ತಿದವರು ಗೊನೆಯನ್ನು ಹಗ್ಗ ಕಟ್ಟಿ ಇಳಿಸದೆ ಮೇಲಿಂದಲೇ ಬೀಳಿಸಿದ್ದರು. ಮೂರು ದಿನದಲ್ಲಿ 31 ಕಾಯಿ ಎಸೆದೆ. ಅಂದಿನಿಂದ ಹಗ್ಗದಲ್ಲಿ ಇಳಿಸುವುದಾದರೆ ಮಾತ್ರ ಕೊಳ್ಳುತ್ತೇನೆ, ಅದಕ್ಕೆ ಮರ ಹತ್ತುವವರಿಗೆ ಕೈಗೆ ಸ್ವಲ್ಪ ಹೆಚ್ಚು ಕೊಡುತ್ತೇನೆ.

ಬಿರಿದ ಕಾಯಿಯನ್ನು ಹೇರುವ ಮೊದಲೇ ಕಂಡುಹಿಡಿಯಬಹುದು. ಒಳ್ಳೆಯ ಎಳೆಕಾಯಿಯಲ್ಲಿ ನೀರು ಕಂಠಮಟ್ಟ ತುಂಬಿರುವುದರಿಂದ ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದು ಬರುವುದಿಲ್ಲ. ಕುಲುಕಿದ ಸದ್ದು ಬಂದರೆ ಒಂದೋ ಬಲಿತಿದೆ, ಇಲ್ಲವೇ ಸೋರಿದೆ. ಹುಳಿಯಾಗುವ ಕಾಯಿಯ ದಾರಿ ಬೇರೆ. ತೊಟ್ಟು ಕಿತ್ತು ಅದರ ಬುಡದ ಟೋಪಿ ಕಳಚಿದರೆ ಅದರ ಕೆಳಗಿನ ಮೆದು ಜಾಗ ತೆರೆದುಕೊಂಡು ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ಇಂಥದ್ದನ್ನು ಕೆತ್ತಿದಾಗ ನೀರು ಸೋಡಾದಂತೆ ಚಿಮ್ಮುತ್ತದೆ. ಅಂಥದ್ದನ್ನು ಗಿರಾಕಿಯ ಕೈಗೆ ಕೊಡಲೇಬೇಡಿ. ಆಟೋದಲ್ಲಿ ಹೆಚ್ಚು ಹಿಡಿಸಲೆಂದು ಕಾಯಿ ಬಿಡಿಸಿ ಹಾಕುವವರು ಬಾಡಿಗೆಯಲ್ಲಿ ಉಳಿಸಿದ್ದನ್ನು ಇಲ್ಲಿ ಕಳೆಯುತ್ತಾರೆ. ನಾಳೆಯ ನೂರು ಗೊನೆಯಲ್ಲಿಯೇ, ನೆರಳಿನಲ್ಲಿ, ಡಾಂಬರಿನ ಮೇಲಲ್ಲದೆ ಹುಲ್ಲಿನ ಮೇಲೋ ಹಲಗೆಯ ಮೇಲೋ, ಒದ್ದೆ ಗೋಣಿ ಹೊದ್ದು ಇರಲಿ. ಇಂದು ಮಾರುವುದನ್ನು ಮಾತ್ರ ಬಿಡಿಸಿ.

ಕಡೂರಿನ ಅಣ್ಣನವರು ತಮ್ಮ ತೋಟದ ಮುಂದೆಯೇ ನಲವತ್ತಕ್ಕೆ ಮಾರಿ ನೂರಕ್ಕೆ ನಾಲ್ಕು ಸಾವಿರವನ್ನೂ ಉಳಿಸುತ್ತೇನೆ ಎಂದಿದ್ದಾರೆ. ಅಣ್ಣಾ, ಆ ಕಾಯಿಯನ್ನು ವ್ಯಾಪಾರಿ ತೋಟಕ್ಕೇ ಬಂದು 34ಕ್ಕೆ ಒಯ್ಯುತ್ತಿದ್ದರೆ, ಅದರಲ್ಲಿ 3,400 ನಿಮ್ಮ ತೋಟದ ಗಳಿಕೆ; ರಸ್ತೆಬದಿಯಲ್ಲಿ ಕುಳಿತ ಲಾಭ 600 ಮಾತ್ರ. ಅರಸೀಕೆರೆಯ ಹಿರಿಯರು ಎಳನೀರು ಇಳಿಸದೆ ಕೊಬ್ಬರಿಗೆ ಬಿಡುವುದು ಮೇಲು ಎಂದು ವಿವರವಾಗಿ ಬರೆದಿದ್ದಾರೆ. ಅದು ಮರ ಇರುವವರು ಯೋಚಿಸಬೇಕಾದ ಮಾತು. ಕೇಳಿರುವವರಿಗೆ ಮರವಿಲ್ಲ, ಗಾಡಿ ಮಾತ್ರ ಇದೆ.

ತೋಟದವರೊಡನೆ ಚೌಕಾಸಿ ಮಾಡುವುದಾದರೆ ದರಕ್ಕಿಂತ ಕೊಸರಿಗೆ ಮಾಡಿ. ಕಾಯಿಗೆ ಒಂದು ರೂಪಾಯಿ ಇಳಿಸಿದರೆ ನೂರಕ್ಕೆ ನೂರು ಉಳಿಯುತ್ತದೆ. ನೂರಕ್ಕೆ ನಾಲ್ಕು ಕೊಸರು ಸಿಕ್ಕರೆ, ಮಾರಾಟವಾಗುವ ದಿನ, ಇನ್ನೂರು ರೂಪಾಯಿ ಬರುತ್ತದೆ. ಒಡೆದದ್ದಕ್ಕೆ ಬದಲಿ ಎಂದು ಕೇಳಿದರೆ ಅವರಿಗೂ ಅದು ನ್ಯಾಯವೆಂದು ಕಾಣುತ್ತದೆ, ದರ ಇಳಿಸಿದ ಬೇಸರವೂ ಇರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಕೊಸರಿನ ಆಸೆಗೆ ಹೆಚ್ಚು ಎತ್ತಬೇಡಿ. ಜೂನ್ ಜುಲೈನಲ್ಲಿ ದಿನಕ್ಕೆ ಐವತ್ತೂ ಖರ್ಚಾಗದಿದ್ದರೆ ಆಗ ನೂರೇ ಎರಡು ದಿನದ ಸರಕು.

ನಾನೇ ತೀರ್ಮಾನಿಸಲಾಗದ ಒಂದು ಸಂಗತಿಯಿದೆ. ಗಾಡಿಯ ಹತ್ತಿರಕ್ಕೇ ತಂದು ಇಳಿಸುವ ವ್ಯಾಪಾರಿಗಳು ನಿಮಗೆ ಕಾಯಿಗೆ 38 ಹೇಳಿದರು ಎನ್ನಿ. ದಿನಾ ನೂರು ತರುವವರಿಗೆ ಅಸಲು 34, ಬಾಡಿಗೆ ನಾಲ್ಕೂವರೆ, ಒಟ್ಟು 38 ರೂಪಾಯಿ 50 ಪೈಸೆ ಬೀಳುವುದರಿಂದ ವ್ಯಾಪಾರಿಯ ಕಾಯಿಯೇ ಅಗ್ಗ, ಬೆಳಗಿನ ನಿದ್ದೆಯೂ ಉಳಿಯುತ್ತದೆ. ಇನ್ನೂರು ತರುವವರಿಗೆ 36 ರೂಪಾಯಿ 75 ಪೈಸೆ ಬೀಳುವುದರಿಂದ ತೋಟವೇ ಮೇಲು. ಆದರೆ ವ್ಯಾಪಾರಿಯ ಕಾಯಿ ಎಂದು ಕೊಯ್ದದ್ದು, ಹೇಗೆ ಇಳಿಸಿದ್ದು ಎಂಬುದು ನಮ್ಮ ಕಣ್ಣಿಗೆ ಕಂಡಿರುವುದಿಲ್ಲ. ಮುರಿದ ತೊಟ್ಟಿನ ತುದಿ ಹಸಿಯಾಗಿದೆಯೇ, ಒಣಗಿ ಕಪ್ಪಾಗಿದೆಯೇ ಎಂಬುದಷ್ಟೇ ಅದಕ್ಕೆ ಸಾಕ್ಷಿ. ಒಂದು ವಾರ ತೋಟದ ಕಾಯಿ, ಒಂದು ವಾರ ವ್ಯಾಪಾರಿಯ ಕಾಯಿ ಮಾರಿ, ದಿನಾ ಎಸೆದದ್ದೆಷ್ಟು, ನಲವತ್ತಕ್ಕೆ ಹೋದದ್ದೆಷ್ಟು ಎಂದು ಎರಡೇ ಸಂಖ್ಯೆ ಬರೆದಿಟ್ಟು ಇಲ್ಲಿ ಹಾಕಿ. ವ್ಯಾಪಾರಿಯ ವಾರದಲ್ಲಿ ಎಸೆದದ್ದು ದಿನಕ್ಕೆ ಐದನ್ನು ದಾಟಿದರೆ, ದಿನಾ ನೂರು ತರುವವರಿಗೂ ತೋಟವೇ ಸರಿ ಎಂದು ಆಗ ಧೈರ್ಯವಾಗಿ ಹೇಳಬಲ್ಲೆ.