ಇನ್‌ವಾಯ್ಸ್‌ಗೆ ಉತ್ತರವೇ ಇಲ್ಲ, ಮೂರನೇ ಮೇಲ್ ಎಷ್ಟು ಖಾರವಾಗಿ ಬರೆಯಬಹುದು?

"ಫ್ರೀಲಾನ್ಸ್ ಕೆಲಸ ಮುಗಿಸಿ ಇನ್‌ವಾಯ್ಸ್ ಕಳಿಸಿದೆ. ವಾರ ಬಿಟ್ಟು ಒಂದು ರಿಮೈಂಡರ್ ಹಾಕಿದೆ. ಎರಡಕ್ಕೂ ಉತ್ತರವಿಲ್ಲ. ಮುಂದಿನ ಮೇಲ್ ಖಾರವಾಗಿದ್ದರೆ ಸಂಬಂಧ ಕೆಡುತ್ತಾ? ಮೆತ್ತಗಿದ್ದರೆ ದುಡ್ಡು ಬರುತ್ತಾ?"

ನಿಮ್ಮ ರಿಮೈಂಡರ್‌ನಲ್ಲಿ ಏನು ಬರೆದಿದ್ದಿರಿ ಅಂತ ನೋಡದೆಯೇ ಊಹಿಸಬಲ್ಲೆ. ನಾನೂ ಅದನ್ನೇ ಬರೆದಿದ್ದೆ: "ನಮಸ್ಕಾರ ಮೇಡಂ, ಹಿಂದಿನ ಮೇಲ್ ಬಗ್ಗೆ ಸುಮ್ಮನೆ ನೆನಪಿಸೋಣ ಅಂತ. ಬಿಡುವಾದಾಗ ನೋಡಿ." ಸಬ್ಜೆಕ್ಟ್‌ನಲ್ಲಿ ಬರೀ "ರಿಮೈಂಡರ್".

ಅಷ್ಟು ಸಣ್ಣ ಮೇಲ್‌ನಿಂದ ನನ್ನ ಹಣ ಒಂದು ತಿಂಗಳು ಹಿಂದೆ ಬಿತ್ತು. ಅದನ್ನು ಹಳೆಯ ಮೇಲ್‌ಗೆ ರಿಪ್ಲೈ ಮಾಡಿರಲಿಲ್ಲ, ಹೊಸದಾಗಿ ಬರೆದಿದ್ದೆ. ಹಾಗಾಗಿ ಅವರಿಗೆ ಕಂಡದ್ದು ಆ ಎರಡು ಸಾಲು ಮಾತ್ರ. ಯಾವ ಇನ್‌ವಾಯ್ಸ್, ಎಷ್ಟು ಮೊತ್ತ, ಯಾವ ತಾರೀಖಿಗೆ ಬಾಕಿ, ಒಂದೂ ಇಲ್ಲ. ಮೀಟಿಂಗ್‌ನಿಂದ ಮೀಟಿಂಗ್‌ಗೆ ಓಡುತ್ತಾ ಫೋನಿನಲ್ಲಿ ಮೇಲ್ ನೋಡುವವರು ಇದನ್ನು ತೆರೆದರೆ ಮೊದಲು ನನ್ನ ಹಳೆಯ ಮೇಲ್ ಹುಡುಕಬೇಕು, ಆಮೇಲೆ ಅಟ್ಯಾಚ್‌ಮೆಂಟ್ ತೆಗೆಯಬೇಕು, ಆಮೇಲೆ ಯಾರಿಗೆ ಕಳಿಸಬೇಕು ಅಂತ ಯೋಚಿಸಬೇಕು. ಸಂಜೆ ಮಾಡೋಣ ಅಂತ ಬಿಡುತ್ತಾರೆ. ಸಾಲದ್ದಕ್ಕೆ "ಬಿಡುವಾದಾಗ" ಅಂತ ಮುಂದೂಡಲು ನಾನೇ ಅನುಮತಿ ಕೊಟ್ಟಿದ್ದೆ. ರಿಪ್ಲೈ ಮಾಡಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ: ರಿಪ್ಲೈ ಒತ್ತಿದರೆ ಸಾಮಾನ್ಯವಾಗಿ ಹಳೆಯ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುವುದಿಲ್ಲ, ಹಳೆಯ ಮಾತೆಲ್ಲ ಮೂರು ಚುಕ್ಕಿಯ ಹಿಂದೆ ಮಡಚಿಕೊಂಡಿರುತ್ತದೆ. ಅಂದರೆ ಪ್ರತಿ ರಿಮೈಂಡರ್‌ನಲ್ಲೂ ಇನ್‌ವಾಯ್ಸನ್ನು ಹೊಸದಾಗಿ ಲಗತ್ತಿಸಲೇಬೇಕು, ವಿಷಯವನ್ನು ಮೊದಲ ಸಾಲಿನಲ್ಲೇ ಹೇಳಬೇಕು. ನನ್ನ ರಿಮೈಂಡರ್ ಹಾಗೇ ಬಿದ್ದಿರುವಾಗ ಅವರ ಅಕೌಂಟ್ಸ್‌ನವರು ಆ ತಿಂಗಳ ಪೇಮೆಂಟ್‌ಗಳನ್ನೆಲ್ಲ ಒಟ್ಟಿಗೆ ಮಾಡಿ ಮುಗಿಸಿದ್ದರು.

ಹಾಗಾಗಿ ಖಾರವೋ ಮೆತ್ತಗೋ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನಾನು ಕಳಿಸಿದ ಮೂರನೇ ಮೇಲ್‌ನಲ್ಲಿ ಒಂದು ಖಾರದ ಪದವೂ ಇರಲಿಲ್ಲ. ಹಳೆಯ ಥ್ರೆಡ್‌ನಲ್ಲೇ ಹೀಗೆ ಬರೆದೆ:

"ನಮಸ್ಕಾರ ಮೇಡಂ, ಇನ್‌ವಾಯ್ಸ್ 14ರ ಪಾವತಿ 10ನೇ ತಾರೀಖಿಗೆ ಆಗಬೇಕಿತ್ತು, ಇನ್ನೂ ಬಂದಿಲ್ಲ. ಪ್ರತಿ ಮತ್ತೆ ಲಗತ್ತಿಸಿದ್ದೇನೆ. ಇದು ಅಕೌಂಟ್ಸ್‌ಗೆ ಹೋಗಿದೆಯೇ? ಗುರುವಾರ ಸಂಜೆಯೊಳಗೆ ಒಂದು ಸಾಲು ತಿಳಿಸಿ. ಅಷ್ಟರಲ್ಲಿ ತಿಳಿಯದಿದ್ದರೆ ಶುಕ್ರವಾರ ಬೆಳಿಗ್ಗೆ ನಿಮ್ಮನ್ನು ಸಿಸಿಯಲ್ಲಿಟ್ಟು ನೇರವಾಗಿ ಅಕೌಂಟ್ಸ್‌ನವರನ್ನೇ ಕೇಳುತ್ತೇನೆ."

ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಹೌದು ಅಥವಾ ಇಲ್ಲ ಅಂದರೆ ಸಾಕು. "ದುಡ್ಡು ಯಾವಾಗ?" ಅಂತ ಕೇಳಿದ್ದರೆ ಅವರ ಬಳಿ ಉತ್ತರವೇ ಇರುತ್ತಿರಲಿಲ್ಲ, ಹಣ ಬಿಡುಗಡೆ ಮಾಡುವವರು ಅವರಲ್ಲವಲ್ಲ. ಅವತ್ತೇ ಉತ್ತರ ಬಂತು: ಇನ್‌ವಾಯ್ಸ್‌ನಲ್ಲಿ ಕಂಪನಿ ಕೆಲಸಕ್ಕೆ ಕೊಟ್ಟ ಪರ್ಚೇಸ್ ಆರ್ಡರ್‌ನ ನಂಬರ್ ಇಲ್ಲ, ಅದಿಲ್ಲದೆ ಅಕೌಂಟ್ಸ್‌ನವರು ತೆಗೆದುಕೊಳ್ಳುವುದಿಲ್ಲ, ಆ ನಂಬರ್ ಹುಡುಕುವುದು ಮೇಡಂಗೂ ಮರೆತುಹೋಗಿತ್ತು. ನಂಬರ್ ಸೇರಿಸಿ ತಿರುಗಿ ಕಳಿಸಿದೆ, ಮುಂದಿನ ಸುತ್ತಿನಲ್ಲಿ ಹಣ ಬಂತು. ನನ್ನನ್ನು ಯಾರೋ ಬೇಕೆಂದೇ ಕಡೆಗಣಿಸುತ್ತಿದ್ದಾರೆ ಅಂತ ನಾನು ರಾತ್ರಿಯೆಲ್ಲ ಕುದಿಯುತ್ತಿದ್ದದ್ದು ಬೇರೆ ವಿಷಯ.

"ಇದು ನನ್ನ ಮೂರನೇ ಮೇಲ್" ಅಂತ ಎಣಿಸಿ ತೋರಿಸಬೇಡಿ. ಥ್ರೆಡ್‌ನಲ್ಲಿ ತಾರೀಖುಗಳಿವೆ, ಓದುವವರಿಗೆ ಕಾಣುತ್ತದೆ; ನೀವು ಎಣಿಸಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ, ಇನ್‌ವಾಯ್ಸ್ ಅಲ್ಲೇ ಕೂರುತ್ತದೆ. ಅವರ ಮ್ಯಾನೇಜರನ್ನು ಹೇಳದೆ ಕೇಳದೆ ಸಿಸಿಗೆ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಮುಂಚೆ ತಿಳಿಸಿ ಹಾಕಿದರೆ ದೂರು ಹೇಳಿದ ಹಾಗಾಗುವುದಿಲ್ಲ, ಅದನ್ನು ತಪ್ಪಿಸಲು ಅವರಿಗೂ ಎರಡು ದಿನ ಸಿಗುತ್ತದೆ. ಇನ್ನು ಕೆಲವರು "ಉತ್ತರ ಬರದಿದ್ದರೆ ಒಪ್ಪಿಗೆ ಅಂತ ತಿಳಿಯುತ್ತೇನೆ" ಎಂದು ಬರೆಯಲು ಸಲಹೆ ಕೊಡುತ್ತಾರೆ. ಡಿಸೈನಿನ ಎರಡು ಬಣ್ಣಗಳಲ್ಲಿ ಒಂದನ್ನು ಆರಿಸುವಾಗ ಅದು ನಡೆಯುತ್ತದೆ. ಹಣದ ವಿಷಯದಲ್ಲಿ ನಡೆಯುವುದಿಲ್ಲ, ಅವರು ಸುಮ್ಮನಿದ್ದರೆ ನಿಮ್ಮ ಖಾತೆಗೆ ಏನೂ ಬೀಳುವುದಿಲ್ಲ. ಅದಕ್ಕೇ ನೀವು ಬರೆಯುವ ಮುಂದಿನ ಹೆಜ್ಜೆ ಅವರ ಅನುಮತಿಯಿಲ್ಲದೆ ನೀವೇ ಮಾಡಬಹುದಾದದ್ದಾಗಿರಬೇಕು.

ನಿಮ್ಮ ಮೇಲನ್ನು ಸೋಮವಾರವೋ ಮಂಗಳವಾರವೋ ಕಳಿಸಿ, ಗುರುವಾರದ ಗಡುವು ಕೊಡಿ. ಅದಕ್ಕೂ ಮುಂಚೆ ಅಕೌಂಟ್ಸ್ ವಿಭಾಗದ ವಿಳಾಸ ಹುಡುಕಿಟ್ಟುಕೊಳ್ಳಿ, ಪರ್ಚೇಸ್ ಆರ್ಡರ್‌ನಲ್ಲಿ ಇದ್ದರೂ ಇರಬಹುದು. ಉತ್ತರ ಬರದಿದ್ದರೆ ಶುಕ್ರವಾರ ಬೆಳಿಗ್ಗೆಯೇ ಇಡೀ ಥ್ರೆಡ್ ಅಕೌಂಟ್ಸ್‌ನವರಿಗೆ ಫಾರ್ವರ್ಡ್ ಮಾಡಿ, ಮೇಲೆ ಎರಡೇ ಸಾಲು ಬರೆಯಿರಿ: ಇನ್‌ವಾಯ್ಸ್ ನಂಬರ್, ಮತ್ತು "ಇದು ನಿಮಗೆ ತಲುಪಿದೆಯೇ?"