ಕೊನೆ ದಿನ ಕಂಡ ತಪ್ಪು: ಈಗ ಹೇಳಬೇಕಾ, ಬಿಡಬೇಕಾ?

*ಮೇಡಂ, ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಚಿಕ್ಕಬಳ್ಳಾಪುರದ ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. 42 ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ವರದಿ ತಯಾರಾಗುತ್ತಿತ್ತು. ಕೊನೆ ದಿನ ಸಂಜೆ ಎಲ್ಲರೂ ಕೇಕ್ ತಿಂದು ಹೊರಟ ಮೇಲೆ ಸುಮ್ನೆ ಲ್ಯಾಬ್ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. 23ನೇ ಸ್ಯಾಂಪಲ್ ಮುಂದೆ ಮೊದಲು ‘ಓವರ್ ರೇಂಜ್’, ಅದರ ಕೆಳಗೆ ‘10 ಎಂಎಲ್ → 20’, ಆಮೇಲೆ 1.31 ಅಂತ ಇತ್ತು. ವರದಿಯಲ್ಲೂ 1.31 ಅಂತಲೇ ಇದೆ. ಎರಡರಿಂದ ಗುಣಿಸೋದು ಬಿಟ್ಟುಹೋಗಿದೆ ಅನ್ನಿಸಿತು. ಆ ಎಂಟ್ರಿ ಮಾಡಿದ್ದು ನನಗೆ ಕೆಲಸ ಕಲಿಸಿದ ಅಕ್ಕ. ಪುಟದ ಫೋಟೋ ತೆಗೆದುಕೊಂಡು ಏನೂ ಹೇಳದೆ ಊರಿಗೆ ಬಂದುಬಿಟ್ಟೆ. ಆ ಸ್ಯಾಂಪಲ್ ತಂದು ಸುಮಾರು ಎರಡೂವರೆ ವಾರ ಆಗಿದೆ. ಮುಂದಿನ ವಾರ ವರದಿ ಪಂಚಾಯಿತಿಗೆ ಹೋಗುತ್ತಂತೆ. ನನ್ನ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಲೆಕ್ಕ ಹಾಕಿ ನೋಡಿದೆ, ಸರಾಸರಿ 1.14 ಇದ್ದದ್ದು 1.17 ಆಗುತ್ತದೆ, ಅಷ್ಟೇ. ಇಷ್ಟು ಸಣ್ಣದಕ್ಕೆ ಬಾಯಿ ಬಿಡಬೇಕಾ?*

*– ಹೆಸರು ಬೇಡ, ಗೌರಿಬಿದನೂರು ತಾಲ್ಲೂಕು*

ಬಾಯಿ ಬಿಡಿ. ಅದೂ ಇವತ್ತೇ. ಯಾಕೆ ಇವತ್ತೇ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಸರಾಸರಿಯ ವಿಷಯ.

ನೀವು ನೋಡಬಾರದ ಕಡೆ ನೋಡಿದ್ದೀರಿ. 42 ಬೋರ್‌ವೆಲ್‌ಗಳ ಸರಾಸರಿ ನೀರನ್ನು ಯಾರೂ ಕುಡಿಯೋದಿಲ್ಲ. ಒಂದೊಂದು ಊರಿನವರು ತಮ್ಮ ತಮ್ಮ ಬೋರ್‌ವೆಲ್ ನೀರು ಕುಡಿಯುತ್ತಾರೆ. ಆದ್ದರಿಂದ ಇಂಥ ವರದಿಯಲ್ಲಿ ತಪ್ಪು ದೊಡ್ಡದೋ ಸಣ್ಣದೋ ಅಂತ ಅಳೆಯೋದು ಕೊನೆಯ ಪುಟದ ಸರಾಸರಿಯಿಂದಲ್ಲ, ಆ ಒಂದು ಸಾಲಿನಿಂದ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ನಿಮಗೂ ಗೊತ್ತಿರುತ್ತದೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ವರದಿಯ 1.31 ‘ನಡೆಯುತ್ತದೆ’ ಅನ್ನುವ ಕಡೆ ಬರುತ್ತದೆ. ಎರಡರಿಂದ ಗುಣಿಸಿದ 2.62 ಕುಡಿಯಬಾರದ ಕಡೆಗೆ ಹೋಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕ ಯಾವ ಊರಿಗೆ ಮೊದಲು ಬೇಕು, ಯಾವ ಬೋರ್‌ವೆಲ್‌ಗೆ ಕೆಂಪು ಬಣ್ಣ ಬಳಿಯಬೇಕು ಅಂತ ಪಂಚಾಯಿತಿಯವರು ಆ ಪಟ್ಟಿ ನೋಡಿಯೇ ಹೇಳುತ್ತಾರೆ. 23ನೇ ಊರು ಪಟ್ಟಿಯಿಂದ ಹೊರಗೆ ಉಳಿಯುತ್ತದೆ.

ಊರಿನವರಿಗೆ ಅದು ತಾನಾಗಿ ಗೊತ್ತಾಗುವ ದಾರಿಯೂ ಇಲ್ಲ. ಫ್ಲೋರೈಡ್‌ಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಕಾಯಿಸಿ ಆರಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಮಕ್ಕಳಿಗೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ ಶಾಶ್ವತ ಹಲ್ಲಿನ ಎನಾಮಲ್ ಒಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಕುಡಿದ ಫ್ಲೋರೈಡ್ ಹಲ್ಲು ಹೊರಗೆ ಬಂದ ಮೇಲೆ ಕಂದು ಕಲೆಯಾಗಿ ಕಾಣಿಸುತ್ತದೆ. ನಮ್ಮ ಬಾಗೇಪಲ್ಲಿ, ಗುಡಿಬಂಡೆ ಕಡೆ ಅಂಥ ಹಲ್ಲು ನೀವೂ ನೋಡಿರುತ್ತೀರಿ, ಅಲ್ವಾ?

ಈಗ ನಿಮ್ಮ ಅನುಮಾನ ಎಷ್ಟು ಗಟ್ಟಿ ಅಂತ ನೋಡೋಣ. ನಾನು ಈ ಅಂಕಣಕ್ಕೆ ಬರುವ ಮೊದಲು ನೀರು ಪರೀಕ್ಷೆಯ ಲ್ಯಾಬ್‌ನಲ್ಲೇ ಇದ್ದವಳು. ನಿಮ್ಮ ಕಾಗದ ಓದಿದ ತಕ್ಷಣ ನನಗೆ ಬಂದ ಪ್ರಶ್ನೆಯನ್ನೇ ಆ ಸಂಸ್ಥೆಯ ನಿಮ್ಮ ಸರ್ ಕೂಡ ಕೇಳುತ್ತಾರೆ: ‘ಅವಳು ಗುಣಿಸಿಯೇ 1.31 ಬರೆದಿರಬಹುದಲ್ಲಮ್ಮ?’ ಬರೆದಿರಬಹುದು. ಆದರೆ ಅದಕ್ಕೆ ಉತ್ತರ ಅದೇ ಪುಟದಲ್ಲಿದೆ.

ನೀವು ಬಳಸಿದ್ದು ಸ್ಪ್ಯಾಡ್ನ್ಸ್ ವಿಧಾನ ಅಂತ ಅಂದುಕೊಂಡಿದ್ದೇನೆ. ಕೆಂಪು ಬಣ್ಣದ ರೀಏಜೆಂಟ್ ಹಾಕಿದಾಗ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಬಣ್ಣ ತಿಳಿಯಾಗುತ್ತದೆ. ಆ ತಿಳಿಯಾದದ್ದನ್ನೇ ಮೀಟರ್ ಅಳೆಯುತ್ತದೆ. ಅದು ಸರಿಯಾಗಿ ಓದುವುದು ಲೀಟರಿಗೆ 2 ಮಿಲಿಗ್ರಾಂ ತನಕ ಮಾತ್ರ. ಅದಕ್ಕಿಂತ ಮೇಲಿದ್ದರೆ ಓವರ್ ರೇಂಜ್ ಅನ್ನುತ್ತದೆ. ಆಗ 10 ಎಂಎಲ್ ನೀರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ 20 ಮಾಡಿ ಮತ್ತೆ ಓದಿಸುತ್ತೇವೆ. ಫ್ಲೋರೈಡ್ ಅರ್ಧಕ್ಕೆ ಇಳಿದಿರುತ್ತದೆ, ಅದಕ್ಕೇ ಬಂದ ಅಂಕಿಯನ್ನು ಎರಡರಿಂದ ಗುಣಿಸುತ್ತೇವೆ. ಈಗ ಯೋಚಿಸಿ. 1.31 ಗುಣಿಸಿ ಬಂದ ಅಂಕಿಯೇ ಆಗಿದ್ದರೆ, ಡೈಲ್ಯೂಟ್ ಮಾಡದ ನೀರಿನಲ್ಲೂ 1.31 ಇದ್ದಿರಬೇಕು. 1.31 ಇರುವ ನೀರು ಯಾಕೆ ಓವರ್ ರೇಂಜ್ ಹೋಗುತ್ತದೆ? ಹೋಗಬಾರದು. ಅಂದರೆ ಅದು ಡೈಲ್ಯೂಟ್ ಮಾಡಿದ ಮೇಲೆ ಮೀಟರ್ ತೋರಿಸಿದ ಅಂಕಿ, ಇನ್ನೂ ಗುಣಿಸಿಲ್ಲ. ಇದು ಸಾಕಷ್ಟು ಗಟ್ಟಿ ಸಾಕ್ಷಿ.

ಇನ್ನೊಂದು ವಿಷಯ ಅವರ ಎಕ್ಸೆಲ್ ಫೈಲ್‌ನಲ್ಲಿ ಸಿಗುತ್ತದೆ. ಡೈಲ್ಯೂಟ್ ಮಾಡಿದ ಬೇರೆ ಸ್ಯಾಂಪಲ್‌ಗಳೂ ಇದ್ದೇ ಇರುತ್ತವೆ. ಆ ಸಾಲುಗಳ ಸೆಲ್ ಮೇಲೆ ಒತ್ತಿದರೆ `=E12*2` ಥರ ಸೂತ್ರ ಕಾಣಬೇಕು. 23ರಲ್ಲಿ ಬರೀ 1.31 ಅಂತ ಅಂಕಿ ಇದ್ದರೆ ಬಿಟ್ಟುಹೋದದ್ದು ಅಲ್ಲೇ. ಆದರೆ ಆ ಫೈಲ್ ನಿಮ್ಮ ಕೈಯಲ್ಲಿಲ್ಲ, ಇದ್ದರೂ ನೀವಾಗಿ ತಿದ್ದಬೇಡಿ. ಯಾರಿಗೂ ಹೇಳದೆ ತಿದ್ದಿದ ಅಂಕಿಗೂ ಯಾರಿಗೂ ಹೇಳದೆ ತಪ್ಪಾದ ಅಂಕಿಗೂ, ನಾಳೆ ಹಿಂತಿರುಗಿ ನೋಡುವವರಿಗೆ ವ್ಯತ್ಯಾಸ ತಿಳಿಯೋದಿಲ್ಲ. ಒಂದು ಬಿಟ್ಟುಹೋಗಿದ್ದರೆ ಇನ್ನೊಂದೂ ಬಿಟ್ಟುಹೋಗಿರಬಹುದು. ಹಾಗಾಗಿ ಡೈಲ್ಯೂಟ್ ಮಾಡಿದ ಎಲ್ಲ ಸಾಲುಗಳನ್ನೂ ಅವರೇ ಒಮ್ಮೆ ನೋಟ್‌ಬುಕ್ ಜೊತೆ ತಾಳೆ ನೋಡಲಿ.

ಇಷ್ಟಾದರೂ ನಿಮ್ಮ ಮಾತು ತಪ್ಪಾಗುವ ಒಂದು ಸಂದು ಉಳಿಯುತ್ತದೆ. ಅದನ್ನು ನೀವೇ ಮೊದಲು ಹೇಳಿಬಿಟ್ಟರೆ ಒಳ್ಳೆಯದು. ಮೊದಲ ಸಲದ ಓವರ್ ರೇಂಜ್ ಸುಳ್ಳಾಗಿರಬಹುದು. ಈ ವಿಧಾನದಲ್ಲಿ ರೀಏಜೆಂಟ್ ಅಳತೆ ಬಹಳ ಮುಖ್ಯ. ಪಿಪೆಟ್‌ನಲ್ಲಿ ಗುಳ್ಳೆ ಸೇರಿ ಸ್ವಲ್ಪ ಕಡಿಮೆ ಬಿದ್ದರೆ ಕೆಂಪು ಕಡಿಮೆ, ಫ್ಲೋರೈಡ್ ಜಾಸ್ತಿ ಅಂತ ಮೀಟರ್ ತಪ್ಪು ತಿಳಿಯುತ್ತದೆ. ನೀರನ್ನು ಬೋರ್‌ವೆಲ್ ಬಾಯಿಂದ ಹಿಡಿಯದೆ, ಬ್ಲೀಚಿಂಗ್ ಪೌಡರ್ ಹಾಕಿದ ಮಿನಿ ಟ್ಯಾಂಕಿನ ನಲ್ಲಿಯಿಂದ ಹಿಡಿದಿದ್ದರೂ ಇದೇ ಕಥೆ. ಕ್ಲೋರಿನ್ ಜಾಸ್ತಿ ಇದ್ದರೆ ಅದೂ ಬಣ್ಣ ತಿಳಿ ಮಾಡುತ್ತದೆ. ಹೀಗೇನಾದರೂ ಆಗಿದ್ದರೆ ನಿಜವಾದ ಅಂಕಿ 2.62 ಕೂಡ ಅಲ್ಲದೆ ಇರಬಹುದು. ಆದ್ದರಿಂದ ‘ಇದು 2.62’ ಅಂತ ಹೇಳಬೇಡಿ. ‘ಈ 1.31 ನಂಬುವ ಹಾಗಿಲ್ಲ, ಮತ್ತೆ ಪರೀಕ್ಷೆ ಮಾಡಬೇಕು’ ಅಂತ ಹೇಳಿ.

ಇವತ್ತೇ ಹೇಳಿ ಅಂದದ್ದು ಇದಕ್ಕೇ. ಫ್ಲೋರೈಡ್ ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿದ್ದರೆ ಏನೂ ಬೆರೆಸದೆಯೂ 28 ದಿನ ಇಟ್ಟು ಪರೀಕ್ಷೆ ಮಾಡಬಹುದು. ನಿಮ್ಮದು ಎರಡೂವರೆ ವಾರ ದಾಟಿದೆ. ಬಾಟಲಿ ಇನ್ನೂ ರ‍್ಯಾಕ್ ಮೇಲೆ ಇದ್ದರೆ ಅರ್ಧ ಗಂಟೆಯ ಕೆಲಸ. ಮೂರ್ನಾಲ್ಕು ದಿನ ಬಿಟ್ಟರೆ ಯಾರೋ ತೊಳೆದು ಕವುಚಿ ಇಟ್ಟಿರುತ್ತಾರೆ. ಫ್ಲೋರೈಡ್ ಎಲೆಕ್ಟ್ರೋಡ್ ಇದ್ದರೆ ಇನ್ನೂ ವಾಸಿ. ಅದು ಬಣ್ಣ ನೋಡೋದಿಲ್ಲ, 2 ದಾಟಿದರೂ ಡೈಲ್ಯೂಟ್ ಮಾಡದೆ ಓದುತ್ತದೆ. ಬಾಟಲಿ ಹೋಗಿದ್ದರೆ ಯಾರಾದರೂ ಆ ಊರಿಗೆ ಹೋಗಿ ಪಂಪ್ ಸ್ವಲ್ಪ ಹೊತ್ತು ಓಡಿಸಿ, ಬೋರ್‌ವೆಲ್ ಬಾಯಿಂದಲೇ ಮತ್ತೆ ಹಿಡಿದು ತರಬೇಕು.

ಇನ್ನು ಅಕ್ಕ. ಮೊದಲು ಅವರಿಗೇ ಫೋನ್ ಮಾಡಿ. ಸರ್‌ಗೆ ಮೇಲ್ ಹೋಗಿ, ಅಲ್ಲಿಂದ ಅಕ್ಕನಿಗೆ ವಿಷಯ ಗೊತ್ತಾಗೋದು ಬೇಡ, ಅದು ಚೆನ್ನಾಗಿರಲ್ಲ. ‘ಅಕ್ಕಾ, ನೀವು ತಪ್ಪು ಮಾಡಿದ್ದೀರಿ’ ಅಂತ ಶುರು ಮಾಡಬೇಡಿ. ‘ಅಕ್ಕಾ, 23ರ ಪುಟ ಒಮ್ಮೆ ತೆಗೀತೀರಾ, ಓವರ್ ರೇಂಜ್ ಅಂತಿದೆ, ಗುಣಿಸಿದ್ದೋ ಇಲ್ಲವೋ ನನಗೆ ಗೊತ್ತಾಗ್ತಿಲ್ಲ’ ಅನ್ನಿ. ಲ್ಯಾಬ್ ಕೆಲಸ ಬಲ್ಲವರಿಗೆ ಅಷ್ಟು ಸಾಕು, ಪುಟ ನೋಡಿದ ಕೂಡಲೇ ಅವರಿಗೇ ಹೊಳೆಯುತ್ತದೆ. ಬೇಜಾರು ಮಾಡಿಕೊಳ್ಳಬಹುದು. ‘ಆವತ್ತೇ ಯಾಕೆ ಹೇಳಲಿಲ್ಲ’ ಅಂತಲೂ ಕೇಳಬಹುದು. ಭಯ ಆಯ್ತು ಅಕ್ಕಾ ಅಂತ ನಿಜ ಹೇಳಿ, ಬೇರೆ ನೆಪ ಹುಡುಕಬೇಡಿ. ‘ಸರ್‌ಗೂ ಒಂದು ಮೇಲ್ ಹಾಕ್ತೀನಿ, ನಿಮಗೂ ಕಾಪಿ ಇರುತ್ತೆ’ ಅಂತ ಅದೇ ಫೋನಿನಲ್ಲಿ ತಿಳಿಸಿ.

ಮೇಲ್ ಚಿಕ್ಕದಾಗಿರಲಿ. ಹೀಗೆ ಬರೆದರೆ ಸಾಕು:

‘ಸರ್, ವರದಿಯ 23ನೇ ಸ್ಯಾಂಪಲ್‌ನ ಫ್ಲೋರೈಡ್ ಅಂಕಿ (1.31) ಬಗ್ಗೆ ಒಂದು ಅನುಮಾನ. ನೋಟ್‌ಬುಕ್‌ನಲ್ಲಿ ಮೊದಲ ಓದು ಓವರ್ ರೇಂಜ್ ಅಂತಿದೆ. ಆಮೇಲೆ 10 ಎಂಎಲ್ ಅನ್ನು 20 ಮಾಡಿ ಓದಿಸಿದಾಗ 1.31 ಬಂದಂತಿದೆ. ಎರಡರಿಂದ ಗುಣಿಸಿದರೆ 2.62 ಆಗುತ್ತದೆ, ಆಗ ಈ ಬೋರ್‌ವೆಲ್ 1.5ರ ಮಿತಿ ದಾಟುತ್ತದೆ. ಬಾಟಲಿ ಇನ್ನೂ ಇದ್ದರೆ, 28 ದಿನ ಆಗುವುದರೊಳಗೆ ಮರುಪರೀಕ್ಷೆ ಮಾಡಬಹುದು. ಡೈಲ್ಯೂಟ್ ಮಾಡಿದ ಉಳಿದ ಸಾಲುಗಳನ್ನೂ ಒಮ್ಮೆ ನೋಡಿದರೆ ಒಳ್ಳೆಯದು. ಪುಟದ ಫೋಟೋ ಲಗತ್ತಿಸಿದ್ದೇನೆ.’

ಯಾರ ಹೆಸರೂ ಬೇಡ. ನಾಲ್ಕು ಸಲ ‘ಕ್ಷಮಿಸಿ ಸರ್’ ಅಂತಲೂ ಬೇಡ. ಫೋಟೋ ಅವರಿಗೆ ಬಿಟ್ಟು ಇನ್ನಾರಿಗೂ ಕಳಿಸಬೇಡಿ, ಆ ನೋಟ್‌ಬುಕ್ ಅವರದ್ದು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಹೇಳೋಣ ಅಂತ ಒಂದು ಆಸೆ ನಿಮ್ಮ ಕಾಗದದ ಸಾಲುಗಳ ನಡುವೆ ಕಾಣುತ್ತಿದೆ. ನನಗೆ ಅದು ಅರ್ಥವಾಗುತ್ತದೆ. ಆದರೆ ಅಷ್ಟರಲ್ಲಿ ವರದಿ ಪಂಚಾಯಿತಿ ತಲುಪಿರುತ್ತದೆ, ಬಾಟಲಿಯೂ ಹೋಗಿರುತ್ತದೆ. ಕೊಟ್ಟ ವರದಿಯನ್ನು ವಾಪಸ್ ತರಿಸೋದು ಯಾವ ಸಂಸ್ಥೆಗೂ ಮುಜುಗರ. ಇನ್ನೂ ಕೊಡದ ವರದಿಯಲ್ಲಿ ಒಂದು ಸಾಲು ಬದಲಾಯಿಸೋದಕ್ಕೆ ಯಾರಿಗೂ ಕಷ್ಟವಿಲ್ಲ. ಸಿಟ್ಟಾಗೋ ಸಂಭವ ಇವತ್ತು ಹೇಳಿದರೆ ಕಡಿಮೆ, ಮುಂದಿನ ತಿಂಗಳು ಹೇಳಿದರೆ ಜಾಸ್ತಿ. ಇಷ್ಟರ ಮೇಲೂ ಯಾರಾದರೂ ಸರ್ಟಿಫಿಕೇಟ್ ತಡೆ ಹಿಡಿದರೆ, ಇಂಟರ್ನ್‌ಶಿಪ್‌ಗೆ ಕಳಿಸಿದ ನಿಮ್ಮ ಕಾಲೇಜಿನ ಗೈಡ್‌ಗೆ ಈ ಮೇಲ್ ತೋರಿಸಿ. ಕೇಳುವ ಹಕ್ಕು ಅವರಿಗಿದೆ.

ಮೇಲ್‌ಗೆ ಎರಡು ದಿನ ಉತ್ತರ ಬರದಿದ್ದರೆ ಮತ್ತೆ ಫೋನ್ ಮಾಡಿ. ಆಗಲೂ ಅಂಕಿ ಹಾಗೆಯೇ ಉಳಿದು ವರದಿ ಹೋದರೆ, ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ‘ನಿಮ್ಮ ನೀರು ವಿಷ’ ಅಂತ ಹಾಕೋ ಕೆಲಸ ಮಾತ್ರ ಬೇಡ. ಮರುಪರೀಕ್ಷೆ ಆಗದ ಅಂಕಿ ಅದು. ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಜಿಲ್ಲಾ ಮಟ್ಟದಲ್ಲಿ ನೀರು ಪರೀಕ್ಷಾ ಲ್ಯಾಬ್ ಇದೆ. ಜಲ ಜೀವನ್ ಮಿಷನ್ ಬಂದ ಮೇಲೆ ಇಂಥ ಲ್ಯಾಬ್‌ಗಳಿಗೆ ಸಾಮಾನ್ಯ ಜನರೂ ಕಡಿಮೆ ಶುಲ್ಕದಲ್ಲಿ ನೀರು ಕೊಟ್ಟು ಪರೀಕ್ಷೆ ಮಾಡಿಸಬಹುದು. ಆ ಊರಿನ ನೀರುಗಂಟಿಗೋ ಆಶಾ ಕಾರ್ಯಕರ್ತೆಗೋ ಹೇಳಿದರೆ ಒಂದು ಲೀಟರ್ ಬಾಟಲಿ ತುಂಬಿಸಿ ತಂದುಕೊಡುತ್ತಾರೆ. ಬಾಟಲಿ ಪ್ಲಾಸ್ಟಿಕ್ಕಿನದ್ದೇ ಇರಲಿ, ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ತುಂಬಿಸಲಿ, ಮೇಲೆ ಊರು, ಬೋರ್‌ವೆಲ್ ಇರುವ ಜಾಗ, ತಾರೀಖು ಬರೆದ ಚೀಟಿ ಅಂಟಿಸಲಿ.