ಮಂಗಳವಾರದ ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕು?

"ನಮ್ಮದು ಸಣ್ಣ ಮೆಸ್. ದಿನಾ ಅನ್ನ ಉಳಿಯುತ್ತೆ, ಇಲ್ಲ ಸಾಲಲ್ಲ. ಹಳೇ ಬಿಲ್ ನೋಡಿ ಲೆಕ್ಕ ಹಾಕೋದು ಹೇಗೆ?"

ತಿಂಗಳ ಸರಾಸರಿ ಹಿಡಿಯಬೇಡಿ. ಮಂಗಳವಾರಕ್ಕೆ ಹಿಂದಿನ ಮಂಗಳವಾರಗಳನ್ನೇ ನೋಡಿ. ಐದು ವಾರದ ಊಟ 118, 64, 121, 112, 115 ಅಂತಿಟ್ಟುಕೊಳ್ಳಿ. 64 ರಜೆಯ ದಿನ, ಅದನ್ನು ಬಿಡಿ.

112ರಲ್ಲೇ ಎಲ್ಲರೂ ಎಡವುವುದು. ಅವತ್ತು ಎರಡು ಗಂಟೆಗೇ ಅನ್ನ ಮುಗಿದಿದ್ದರೆ, ಅದು ಮಾರಿದ ಲೆಕ್ಕವೇ ಹೊರತು ಬಂದವರ ಲೆಕ್ಕವಲ್ಲ. ಬೇರೆ ಮಂಗಳವಾರ ಎರಡು ಗಂಟೆಯ ಮೇಲೆ ಸುಮಾರು ಹತ್ತು ಊಟ ಹೋಗಿದ್ದರೆ, ಇದನ್ನು 122 ಅಂತ ಹಿಡಿಯಿರಿ. ತಿದ್ದದೆ ಬಿಟ್ಟರೆ ಅಂದಾಜು ಕಡಿಮೆಯಾಗುತ್ತದೆ, ಮತ್ತೆ ಬೇಗ ಮುಗಿಯುತ್ತದೆ. ಅದಕ್ಕೇ ಏನು ಎಷ್ಟು ಗಂಟೆಗೆ ಮುಗಿಯಿತು ಅಂತ ದಿನಾ ಬರೆದಿಡಿ. ಬಿಲ್ಲಿನಲ್ಲಿ ಅದು ಸಿಗಲ್ಲ.

ಈಗ ನಾಲ್ಕರ ಸರಾಸರಿ 119. ಊಟಕ್ಕೆ 100 ಗ್ರಾಂ ಅಕ್ಕಿಯಾದರೆ ಸುಮಾರು 12 ಕಿಲೋ. ನಿಮ್ಮ ಅಳತೆ ಬೇರೆ ಇರಬಹುದು, ಒಂದು ವಾರ ತೂಕ ಮಾಡಿ ನೋಡಿ.

ಹನ್ನೆರಡನ್ನೂ ಒಟ್ಟಿಗೆ ಬೇಯಿಸಬೇಡಿ. ಮೊದಲು 9 ಕಿಲೋ ಸಾಕು. ಒಂದೂಕಾಲಿಗೆ ಟೋಕನ್ ಎಣಿಸಿ, ಉಳಿದ ಮೂರರಲ್ಲಿ ಎಷ್ಟು ಬೇಕೋ ಅಷ್ಟು ಹಾಕಿ. ಹಸಿ ಅಕ್ಕಿ ನಾಳೆಗೂ ಆಗುತ್ತದೆ, ಅನ್ನ ಆಗಲ್ಲ ಅಲ್ವಾ? ಸಾಂಬಾರಿಗೆ ಹೀಗೆ ಎರಡು ಸಲ ಮಾಡುವುದು ಕಷ್ಟ. ಅದನ್ನು 119ಕ್ಕೇ ಮಾಡಿ.